ಎರಡನೆಯವನಿಗೆ ಬಂದ ಕರೆ

ನಮ್ಮ ಸದಸ್ಯರೊಬ್ಬರು, ಅಂಧೇರಿಯ ಹೋಟೆಲೊಂದರಲ್ಲಿ ಸ್ಟೀವರ್ಡ್ ಆಗಿರುವವರು, ಹೋದ ವಾರ ಸಂಘದ ಕಚೇರಿಗೆ ಬಂದು ತಮ್ಮ ಫೋನನ್ನು ನಮ್ಮ ಮುಂದಿಟ್ಟರು. ಎರಡೂವರೆ ತಿಂಗಳ ಹಿಂದೆ ಅವರು ದೊಡ್ಡ ಹೋಟೆಲೊಂದರ ಕ್ಯಾಪ್ಟನ್ ಹುದ್ದೆಗೆ ಮೂರು ಸುತ್ತು ಸಂದರ್ಶನ ಕೊಟ್ಟಿದ್ದರು. ಕೊನೆಗೆ ಉಳಿದ ಇಬ್ಬರಲ್ಲಿ ಕೆಲಸ ಇನ್ನೊಬ್ಬರ ಪಾಲಾಯಿತು. ‘ನಿಮಗೆ ಆಗಲಿಲ್ಲ’ ಎಂದು ತಿಳಿಸುವ ಸೌಜನ್ಯವೂ ಆಗ ಯಾರಿಗೂ ಇರಲಿಲ್ಲ. ಈಗ ಅದೇ ನೇಮಕಾತಿ ಏಜೆಂಟರ ಸಂದೇಶ: ‘ನೀವು ನಮಗೆ ಬಹಳ ಹಿಡಿಸಿದ್ದಿರಿ. ಹೊಸ ಜಾಗ ತೆರೆದಿದೆ. ಸಂಬಳ ಹಿಂದೆ ಮಾತಾದಂತೆ 26,000. ಇಂದೇ ಒಪ್ಪಿಗೆ ತಿಳಿಸಿ.’

ಸದಸ್ಯರ ಮುಖದಲ್ಲಿ ಸಂತೋಷವಿತ್ತು. ಆ ಸಂತೋಷಕ್ಕೆ ನಾವು ತಣ್ಣೀರು ಎರಚಬೇಕಾಯಿತು. ಅದಕ್ಕೆ ಕಾರಣ ಹೇಳುತ್ತೇವೆ.

ಏಜೆಂಟನಿಗೆ ಕೂಲಿ ಕೊಡುವವರು ಮಾಲಕರು. ಸೇರಿದವನ ಒಂದು ತಿಂಗಳ ಸಂಬಳದಷ್ಟು ಎಂಬುದು ನಮ್ಮಲ್ಲಿ ರೂಢಿಯ ದರ. ಅದರ ಜೊತೆಗೆ ಒಂದು ಕರಾರೂ ಇರುತ್ತದೆ: ಸೇರಿದವನು 60 ಅಥವಾ 90 ದಿನಗಳೊಳಗೆ ಬಿಟ್ಟು ಹೋದರೆ ಏಜೆಂಟನು ಬೇರೆ ಕೂಲಿ ಕೇಳದೆ ಮತ್ತೊಬ್ಬನನ್ನು ತಂದು ನಿಲ್ಲಿಸಬೇಕು. ಆಗ ಹೊಸದಾಗಿ ಹುಡುಕುವುದು ಅವನಿಗೆ ನಷ್ಟದ ಬಾಬತ್ತು. ಆಗಲೇ ಸೋಸಿ ಇಟ್ಟ ಎರಡನೆಯವನೇ ಅಗ್ಗ. ಎರಡೂವರೆ ತಿಂಗಳ ಲೆಕ್ಕವನ್ನು ಈಗ ಓದುಗರೇ ಹಾಕಿಕೊಳ್ಳಲಿ. ಹೊಸ ಜಾಗವೆಂದರೆ ನಿಜಕ್ಕೂ ಹೊಸದೋ, ಮೊದಲಿನವನು ಎದ್ದು ಹೋದ ಕುರ್ಚಿಯೋ?

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದು ಹೊಸ ಕಥೆಯಲ್ಲ. ಬದಲಿ ಕಾಮಗಾರನು ಬೆಳಗಾಗುವ ಮೊದಲೇ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಖಾಯಂ ಆಳು ಬಾರದಿದ್ದರೆ ಅವನಿಗೆ ಅಂದಿನ ಕೂಲಿ. ಯಾರನ್ನು ಒಳಗೆ ಬಿಡಬೇಕೆಂಬುದು ಜಾಬರನ ಕೈಯಲ್ಲಿತ್ತು. ಅದಕ್ಕೆ ದಸ್ತೂರಿ ತೆರಬೇಕಿತ್ತು. ಅದನ್ನು ತಡೆಯಲೆಂದೇ 1935ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬದಲಿ ಕಾರ್ಡಿನ ಪದ್ಧತಿ ಬಂತು. ಅದು ಪೂರ್ತಿ ನ್ಯಾಯ ಕೊಟ್ಟಿತೆಂದು ನಾವು ಹೇಳುವುದಿಲ್ಲ, ಆದರೂ ಬದಲಿಯವನ ಕೈಯಲ್ಲೊಂದು ಕಾರ್ಡಾದರೂ ಇತ್ತು. ಇಂದಿನ ಎರಡನೆಯವನ ಕೈಯಲ್ಲಿ ಏನಿದೆ?

ಸಂಬಳದ ಮಾತಿಗೆ ಬರೋಣ. 26,000 ಎಂದದ್ದು ಕೈಗೆ ಬರುವ ಹಣವಲ್ಲ, ಸಿ.ಟಿ.ಸಿ. ಎಂಬ ಒಟ್ಟು ಖರ್ಚಿನ ಲೆಕ್ಕ. ಮೂಲವೇತನ 13,000 ಎಂದಿದ್ದರು. ಅದರ ಶೇಕಡ 12, ಅಂದರೆ 1,560 ರೂಪಾಯಿ ಮಾಲಕರ ಭವಿಷ್ಯನಿಧಿ ಪಾಲು, ಗ್ರಾಚ್ಯುಟಿಯೆಂದು 625. ಇವೆರಡನ್ನೂ ಆ 26,000ದೊಳಗೇ ತುರುಕಿದ್ದಾರೆ. ಉಳಿದ 23,815ರಲ್ಲಿ ಸದಸ್ಯರ ಸ್ವಂತ ಪಾಲು 1,560, ವೃತ್ತಿತೆರಿಗೆ 200 ಕಳೆದರೆ ಕೈಗೆ 22,055. ಭವಿಷ್ಯನಿಧಿ ಅವರದೇ ಹಣ, ನಿಜ. ಆದರೆ ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಅದು ಬಾರದು. ಈಗಿನ ಹೋಟೆಲಿನಲ್ಲಿ ಅವರ ಕೈಗೆ 19,500 ಬರುತ್ತದೆ. ಊಟ, ವಸತಿ ಧಣಿಯದು. ಹೊಸ ಕಡೆ ಊಟವುಂಟು, ವಸತಿಯಿಲ್ಲ. ನಾಲ್ವರೊಡನೆ ಕೋಣೆ ಹಂಚಿಕೊಂಡರೂ ತಮ್ಮ ಪಾಲಿಗೆ 5,000 ಎಂದು ಅವರೇ ವಿಚಾರಿಸಿ ಬಂದಿದ್ದರು. ಬಡ್ತಿಯೆಂಬ ಹೆಸರಿನಲ್ಲಿ ತಿಂಗಳಿಗೆ 2,445 ರೂಪಾಯಿ ಕೈಬಿಟ್ಟು ಹೋಗುವ ವ್ಯವಹಾರ ಇದು!

ಎಲ್ಲ ಏಜೆಂಟರೂ ಕಳ್ಳರೆಂದು ನಾವು ಬರೆಯುತ್ತಿಲ್ಲ. ಎರಡನೆಯವನನ್ನು ನೆನಪಿಟ್ಟು ಕರೆಯುವುದು ಒಳ್ಳೆಯ ಪದ್ಧತಿಯೇ. ಆದರೆ ಪ್ರಾಮಾಣಿಕನು ಬರೆಯುವ ರೀತಿ ಬೇರೆ: ‘ಅಂದು ನಿಮ್ಮನ್ನು ಬಿಟ್ಟದ್ದು ಈ ಕಾರಣಕ್ಕೆ. ಈಗಿನ ಜಾಗ ಅದೇ, ಇಂಥ ಕಾರಣಕ್ಕೆ ಖಾಲಿಯಾಯಿತು. ಹಿಂದಿನ ಮೂರು ಸುತ್ತು ಲೆಕ್ಕಕ್ಕುಂಟು, ಮ್ಯಾನೇಜರರನ್ನೊಮ್ಮೆ ಕಂಡರೆ ಸಾಕು. ಸಂಬಳ ಇಂತಿಷ್ಟರಿಂದ ಇಂತಿಷ್ಟು. ಬೇಡವಾದರೆ ಬೇಡವೆನ್ನಿ.’ ಇಷ್ಟು ಬರೆಯಲು ಐದು ನಿಮಿಷ ಸಾಕು. ಬರೆಯದವನಿಗೆ ಮರೆಮಾಚಬೇಕಾದದ್ದೇನೋ ಇದೆಯೆಂದೇ ನಾವು ತಿಳಿಯುತ್ತೇವೆ. ಇನ್ನು ಸಮವಸ್ತ್ರದ ಠೇವಣಿ, ನೋಂದಣಿ ಎಂದು ಯಾರಾದರೂ ಹಣ ಕೇಳಿದರೆ ಅವನು ಏಜೆಂಟನೇ ಅಲ್ಲ, ಹಳೆಯ ದಸ್ತೂರಿಯವನೇ.

ಸದಸ್ಯರು ‘ಇಂದೇ’ ಒಪ್ಪಲಿಲ್ಲ. ನಮ್ಮೆದುರಿಗೇ ಕುಳಿತು ನಾಲ್ಕು ಸಾಲು ಬರೆದರು: ಇದು ಅದೇ ಜಾಗವೇ, ಮೊದಲಿನವರು ಏಕೆ ಬಿಟ್ಟರು, ಕೈಗೆ ಎಷ್ಟು, ದಿನಕ್ಕೆ ಎಷ್ಟು ತಾಸು? ಎರಡು ದಿನ ಮೌನ. ಮೂರನೆಯ ದಿನ ಏಜೆಂಟರ ಫೋನು. ಜಾಗ ಅದೇ ಅಂತೆ. ಒಂಬತ್ತು ತಾಸೆಂದು ಸೇರಿಸಿಕೊಂಡವರನ್ನು ಹನ್ನೆರಡು ತಾಸು ನಿಲ್ಲಿಸುತ್ತಿದ್ದರಂತೆ. ಎರಡನೆಯ ತಿಂಗಳಿಗೇ ಅವರು ಕೈಮುಗಿದು ಹೊರಟರಂತೆ. ಸಂಬಳವೂ ತಾನಾಗಿ 31,000ಕ್ಕೆ ಏರಿತು. ಮೊದಲ ದಿನವೇ ತಲೆಯಾಡಿಸಿದ್ದರೆ ಆ 5,000 ಯಾರ ಜೇಬಿನಲ್ಲಿ ಉಳಿಯುತ್ತಿತ್ತು?

ತಾಸಿನ ವಿಷಯವನ್ನು ಕಾಗದದ ಮೇಲೆ ಕೊಡಿರೆಂದು ಸದಸ್ಯರು ಕೇಳಿದ್ದಾರೆ. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಕಾಗದ ಬಂದಿಲ್ಲ. ಅವರು ಇನ್ನೂ ಅಂಧೇರಿಯಲ್ಲೇ ಇದ್ದಾರೆ.