‘ಬೇಜಾರು’ ಎಂದಷ್ಟೇ ಬರೆದವರಿಗೆ

ಶ್ರೀನಿವಾಸಪುರದ ಕಡೆಯ ಹೆಣ್ಣುಮಗಳೊಬ್ಬರು ಈಚೆಗೆ ನನ್ನ ಬಳಿ ಬಂದಿದ್ದರು. ಅವರ ತಮ್ಮ ಮಾಲೂರಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ನೌಕರ. ರೂಮು ಮಾಡಿಕೊಂಡು ಒಬ್ಬನೇ ಇದ್ದಾನೆ. ಒಂದು ದಿನ ಅಕ್ಕನ ಮೊಬೈಲಿಗೆ ಒಂದೇ ಪದ ಕಳಿಸಿದ: ‘ಬೇಜಾರು’. ಅಕ್ಕ ಕೂಡಲೇ ಉತ್ತರಿಸಿದರು: ‘ಸುಮ್ನೆ ಯೋಚನೆ ಮಾಡ್ಬೇಡ, ಊಟ ಮಾಡಿ ಮಲಕ್ಕೋ. ಬರೋ ವರ್ಷ ಮದುವೆ ಮಾಡ್ತೀವಿ, ಎಲ್ಲ ಸರಿಹೋಗುತ್ತೆ.’ ಅವನು ‘ಸರಿ’ ಎಂದ. ಆಮೇಲೆ ಮೂರು ದಿನ ಸುದ್ದಿಯಿಲ್ಲ.

ಆ ‘ಸರಿ’ಯನ್ನು ನಾವು ಒಪ್ಪಿಗೆ ಎಂದು ತಿಳಿಯುತ್ತೇವೆ. ಬಹಳ ಸಲ ಅದು ಬಾಗಿಲು ಮುಚ್ಚಿದ ಸದ್ದು.

ನಮ್ಮ ಭಾಷೆಯ ‘ಬೇಜಾರು’ ವಿಚಿತ್ರವಾದ ಪದ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ನೋಯಿಸಿದರೂ ಬೇಜಾರು, ದುಡಿದು ಸಾಕಾದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಯಾವುದೆಂದು ತಿಳಿಯುವ ಮೊದಲೇ ಕೊಟ್ಟ ಬುದ್ಧಿಮಾತು, ನಾಡಿ ಹಿಡಿಯದೆ ಕೊಟ್ಟ ಮಾತ್ರೆಯಂತೆ.

ನನ್ನೊಡನೆ ಮಾತಾಡಿದ ಮೇಲೆ ಆಕೆ ಮತ್ತೆ ಬರೆದರು: ‘ಆವತ್ತು ಬೇಜಾರು ಅಂದಿದ್ದೆ. ನಾನು ಕೇಳಲೇ ಇಲ್ಲ, ಬುದ್ಧಿ ಹೇಳಿಬಿಟ್ಟೆ. ಹೇಳಬೇಕು ಅನ್ನಿಸಿದರೆ ಹೇಳು, ಇಲ್ಲದಿದ್ದರೂ ಪರವಾಗಿಲ್ಲ. ಭಾನುವಾರ ಮತ್ತೆ ಮೆಸೇಜ್ ಮಾಡ್ತೀನಿ.’ ರಾತ್ರಿ ಉತ್ತರ ಬಂತು. ಜೊತೆಗಿದ್ದ ಹುಡುಗ ರೂಮು ಬಿಟ್ಟು ಹೋಗಿದ್ದಾನೆ, ಹಗಲೆಲ್ಲ ಮಲಗಿದ್ದು ಎದ್ದರೆ ಮಾತಾಡಲು ಯಾರೂ ಇಲ್ಲ. ‘ಕೆಲಸ ಬಿಟ್ಟು ಊರಿಗೆ ಬಾ’ ಎಂಬುದು ಆಕೆಯ ಬೆರಳ ತುದಿಗೆ ಬಂದಿತ್ತಂತೆ. ತಡೆದುಕೊಂಡು, ‘ಒಬ್ಬನೇ ಕೂತು ಉಣ್ಣೋದು ಕಷ್ಟ ಕಣೋ’ ಎಂದಷ್ಟೇ ಬರೆದರು. ಆಗ ಅವನೇ ಫೋನು ಮಾಡಿದ.

ಉತ್ತರವನ್ನು ಬಯಸದೆ ಬರೆಯುವುದಕ್ಕೂ ಬೆಲೆಯಿದೆ. ಅಮೆರಿಕದ ಮನೋವೈದ್ಯ ಜೆರೋಮ್ ಮೊಟ್ಟೋ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಐದು ವರ್ಷ ಆಗಾಗ ಚಿಕ್ಕ ಪತ್ರಗಳನ್ನು ಕಳಿಸುವ ಏರ್ಪಾಡು ಮಾಡಿದ್ದರು. ಅದರಲ್ಲಿ ಉಪದೇಶವಿರಲಿಲ್ಲ, ಹೇಗಿದ್ದೀರಿ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಭಾವ. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಎರಡು ವರ್ಷ ಪತ್ರ ಪಡೆದವರಲ್ಲಿ ಆತ್ಮಹತ್ಯೆ ಕಡಿಮೆಯಿತ್ತು. ನಂತರ ಆ ವ್ಯತ್ಯಾಸ ಕರಗುತ್ತ ಹೋಯಿತು ಎಂಬುದನ್ನೂ ಹೇಳಬೇಕು.

ಆದರೆ ಕಾಯಬಾರದ ಸಂದರ್ಭವೂ ಇದೆ. ‘ನಾನಿಲ್ಲದಿದ್ದರೆ ನಿಮಗೇ ಒಳ್ಳೇದು’ ಎಂಬಂಥ ಮಾತು ಬಂದರೆ, ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದೆಂದರೆ ಒಂಟಿಯಾಗಿ ಬಿಡದೆ, ಹತ್ತಿರದಲ್ಲಿರುವ ಯಾರನ್ನಾದರೂ ತಕ್ಷಣ ಕಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ, ಹಸಿವು ಕೆಟ್ಟು ಎರಡು ವಾರವಾದರೆ ವೈದ್ಯರ ಬಳಿ ಹೋಗುವುದೇ ಸರಿ.

ಶ್ರೀನಿವಾಸಪುರದ ಅಕ್ಕ ಈಗ ಪ್ರತಿ ಭಾನುವಾರ ಬರೆಯುತ್ತಾರೆ. ಕೆಲವು ವಾರ ತಮ್ಮನಿಂದ ಉತ್ತರ ಬರುವುದಿಲ್ಲ. ಅದಕ್ಕೆ ಆಕ್ಷೇಪಿಸದೆ ಮುಂದಿನ ಭಾನುವಾರ ಮತ್ತೆ ಬರೆಯುತ್ತಾರೆ.