ಹಿಸ್ಸೆ ಮಾರಾಟದಲ್ಲಿ ಮೊದಲು ಕೊಳ್ಳುವ ಹಕ್ಕು

ಭೂಮಿಯು ಒಂದು ಮನೆತನದಿಂದ ಹೊರಗೆ ಹೋಗುವಾಗ ಬಹುಶಃ ಯಾರಿಗೂ ಸದ್ದು ಕೇಳಿಸುವುದಿಲ್ಲ. ಒಬ್ಬ ಹಿಸ್ಸೇದಾರನು ತನ್ನ ಪಾಲನ್ನು ಪರಸ್ಥಳದವನಿಗೆ ಬರೆದು ಕೊಡುತ್ತಾನೆ; ಉಳಿದವರಿಗೆ ಸುದ್ದಿ ಮುಟ್ಟುವುದು ಮೋಜಣಿದಾರನು ಸರಪಳಿ ಹಿಡಿದು ಬಾಂದಿನ ಮೇಲೆ ನಿಂತಾಗಲೇ. ಆಗ ನಮ್ಮ ರೈತರು ಊರ ಹಿರಿಯರ ಬಳಿಗೆ ಬಂದು, "ನಮ್ಮನ್ನು ಕೇಳದೆ ಮಾರಲು ಅವನಿಗೆ ಅಧಿಕಾರವೆಲ್ಲಿಯದು?" ಎಂದು ಪ್ರಶ್ನಿಸುವರು. ಈ ಪ್ರಶ್ನೆಗೆ ಕಾಯಿದೆಯು ಕೊಡುವ ಉತ್ತರವು ಸಹಹಿಸ್ಸೇದಾರನಿಗೆ ಒಂದು, ನೆರೆಯ ಹೊಲದವನಿಗೆ ಮತ್ತೊಂದು. ಇವೆರಡನ್ನೂ ಒಂದೇ ಎಂದು ತಿಳಿದು ಹಣವನ್ನೂ ಕಾಲವನ್ನೂ ಕಳೆದುಕೊಂಡವರು ಹಲವರಿರುವುದರಿಂದ, ಈ ಭೇದವನ್ನು ವಿವರಿಸುವುದು ಯುಕ್ತವೆಂದು ತೋರುತ್ತದೆ.

ಮೊದಲು ನೆರೆಯವನ ಮಾತು. ನಮ್ಮ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1947ರ ಕಾಯಿದೆಯೊಂದು ಜಮೀನು ತುಂಡು ತುಂಡಾಗುವುದನ್ನು ತಡೆಯಲು ಹೊರಟಿತು. ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಿರಿದಾದ ಹೊಲವನ್ನು ಹಕ್ಕುದಾಖಲೆಯಲ್ಲಿ 'ತುಂಡು' ಎಂದು ನಮೂದಿಸಿ ನೋಟೀಸು ಕೊಟ್ಟ ಬಳಿಕ, ಅದನ್ನು ಹೊಂದಿಕೊಂಡಿರುವ ಸರ್ವೆ ನಂಬರಿನ ಅಥವಾ ಪೋಟ ಹಿಸ್ಸೆಯ ಒಡೆಯನಿಗಲ್ಲದೆ ಬೇರೆಯವರಿಗೆ ಕೊಡಲಾಗುತ್ತಿರಲಿಲ್ಲ. ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ "ಬಾಂದಿಗೆ ಬಾಂದು ಹತ್ತಿದವನಿಗೇ ಮೊದಲ ಹಕ್ಕು" ಎಂಬ ನಂಬಿಕೆಗೆ ಅಂಥ ನಿಯಮಗಳೇ ಆಧಾರವಾಗಿರಬೇಕು. ಆದರೆ ಆ ಕಾಯಿದೆಯ ಸ್ಥಾನದಲ್ಲಿ ಬಂದ 1966ರ ರಾಜ್ಯ ಕಾಯಿದೆಯೂ ಮುಂದೆ ರದ್ದಾಯಿತು. ಇತ್ತ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ, ಕೇವಲ ನೆರೆಹೊರೆಯ ಕಾರಣದಿಂದ ಇನ್ನೊಬ್ಬನ ಮಾರಾಟವನ್ನು ತಡೆಯುವ ಹಕ್ಕು ಸಂವಿಧಾನಕ್ಕೆ ಸಲ್ಲದೆಂದು ತೀರ್ಮಾನಿಸಿತು. ರೂಢಿಯಿಂದ ಬಂದ ಅಂಥ ಹಕ್ಕಿಗೂ 1964ರಲ್ಲಿ ಅದೇ ಗತಿಯಾಯಿತು. ಆದ್ದರಿಂದ ಬರಿಯ ನೆರೆಯವನೆಂಬ ಬಲದಿಂದ ಕೋರ್ಟಿಗೆ ಹೋಗುವುದು ಇಂದು ವ್ಯರ್ಥ.

ಸಹಹಿಸ್ಸೇದಾರನ ಸಂಗತಿ ಹಾಗಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಕಲಮು ಅವನ ಕೈಯಲ್ಲಿ ಸ್ಪಷ್ಟವಾದ ಹಕ್ಕನ್ನಿಟ್ಟಿದೆ. ಮೃತ್ಯುಪತ್ರವಿಲ್ಲದೆ ತೀರಿಕೊಂಡವನ ಆಸ್ತಿಯು ಹೆಂಡತಿ, ಮಕ್ಕಳು, ತಾಯಿ ಮೊದಲಾದ ಪ್ರಥಮ ವರ್ಗದ ಇಬ್ಬರು ಅಥವಾ ಹೆಚ್ಚು ವಾರಸುದಾರರಿಗೆ ಬಂದಿದ್ದು, ಅವರಲ್ಲೊಬ್ಬನು ತನ್ನ ಪಾಲನ್ನು ಪರಾಧೀನಮಾಡಲು ಹೊರಟರೆ, ಉಳಿದ ವಾರಸುದಾರರಿಗೆ ಅದನ್ನು ಮೊದಲು ಪಡೆಯುವ ಅಧಿಕಾರವಿರುತ್ತದೆ. ಈ ಕಲಮು ಸಾಗುವಳಿಯ ಭೂಮಿಗೆ ಅನ್ವಯಿಸುವುದೋ ಇಲ್ಲವೋ ಎಂಬ ವಿವಾದವು ಬಹುಕಾಲ ನಡೆದು, ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿದೆ.

ಇದನ್ನು ಒಂದು ದೃಷ್ಟಾಂತದಿಂದ ನೋಡೋಣ. ಕಳ್ಳಕವಟಗಿಯ ರೈತನೊಬ್ಬನು ತಾನೇ ಗಳಿಸಿದ 8 ಎಕರೆ ಹೊಲವನ್ನೂ ಒಂದು ಬಾವಿಯನ್ನೂ ಬಿಟ್ಟು ತೀರಿಕೊಂಡನೆಂದು ಭಾವಿಸಿರಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಉಳಿದರು. ಪ್ರತಿಯೊಬ್ಬರಿಗೆ ನಾಲ್ಕನೆಯ ಒಂದು ಪಾಲು, ಅಂದರೆ 2 ಎಕರೆ. ವಾಟ್ನಿಯಾಗಿಲ್ಲ. ಸಾಂಗಲಿಯಲ್ಲಿ ನೆಲೆಸಿದ ಹಿರಿಯ ಮಗನು ತನ್ನ ಪಾಲನ್ನು ಪಟ್ಟಣದ ವ್ಯಾಪಾರಿಯೊಬ್ಬನಿಗೆ 20 ಲಕ್ಷ ರೂಪಾಯಿಗೆ ಮಾರಲು ಮಾತಾಡಿಕೊಂಡನು. ವ್ಯಾಪಾರಿಯು ಕೊಂಡರೆ ಅವನು ಹಿರಿಯ ಮಗನ ಸ್ಥಾನದಲ್ಲಿ ನಿಂತು ವಾಟ್ನಿ ಕೇಳುವನು. ಬಾವಿ ಯಾರ ಭಾಗಕ್ಕೆ ಬೀಳುವುದೋ ಎಂಬ ಚಿಂತೆ ಉಳಿದ ಮೂವರಿಗೆ. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ಅಡ್ಡಿಯನ್ನು ರಾಜ್ಯವು 2020ರಲ್ಲಿ ತೆಗೆದುಹಾಕಿದ ಮೇಲೆ ಇಂಥ ಗಿರಾಕಿಗಳಿಗೆ ದಾರಿ ಸುಗಮವಾಗಿದೆ.

ಕಿರಿಯ ಮಗನು ಮಾಡತಕ್ಕದ್ದೇನು? ಸುದ್ದಿ ತಿಳಿದ ದಿನವೇ ಅಣ್ಣನಿಗೆ ನೋಂದಾಯಿತ ಅಂಚೆಯ ಮೂಲಕ, "ನಿನ್ನ ಸಂಪೂರ್ಣ ಪಾಲನ್ನು ಯೋಗ್ಯ ಬೆಲೆಗೆ ಕೊಳ್ಳಲು ಸಿದ್ಧನಿದ್ದೇನೆ" ಎಂದು ಬರೆಯಬೇಕು. ಅದರ ಪ್ರತಿಯನ್ನು ವ್ಯಾಪಾರಿಗೂ ಕಳುಹಿಸಬೇಕು. ಬಾವಿಯ ಕಡೆಯ ಒಂದು ಎಕರೆ ಮಾತ್ರ ಬೇಕೆಂದು ಆರಿಸಿಕೊಳ್ಳಲಾಗದು. ಬೆಲೆಯಲ್ಲಿ ಒಮ್ಮತವಾಗದಿದ್ದರೆ, ಹೊಲವಿರುವ ಸೀಮೆಯ ದಿವಾಣಿ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಬೆಲೆಯನ್ನು ನಿಶ್ಚಯಿಸಿಕೊಳ್ಳಬಹುದು. ಕೋರ್ಟು 22 ಲಕ್ಷವೆಂದು ನಿಶ್ಚಯಿಸಿದ ಮೇಲೆ ಇವನು ಹಿಂಜರಿದರೆ ಅರ್ಜಿಯ ಖರ್ಚೆಲ್ಲ ಇವನ ತಲೆಗೇ ಬರುವುದು. ತಂಗಿಯೂ ಕೊಳ್ಳಲು ಮುಂದೆ ಬಂದರೆ, ಇಬ್ಬರಲ್ಲಿ ಹೆಚ್ಚಿನ ಬೆಲೆ ಹೇಳಿದವರಿಗೆ ಪಾಲು ಸಲ್ಲುವುದು.

ಖರೀದಿಪತ್ರವು ಆಗಲೇ ನೋಂದಣಿಯಾಗಿದ್ದರೆ ಬರಿಯ ಅರ್ಜಿಯಿಂದ ಕೆಲಸವಾಗದು. ಅಣ್ಣನನ್ನೂ ವ್ಯಾಪಾರಿಯನ್ನೂ ಪ್ರತಿವಾದಿಗಳನ್ನಾಗಿ ಮಾಡಿ ದಾವೆ ಹೂಡಬೇಕು. ಅದಕ್ಕೆ ಅವಧಿ ಒಂದು ವರ್ಷ ಮಾತ್ರ. ಕೊಂಡವನು ಪ್ರತ್ಯಕ್ಷ ಕಬಜಾ ಪಡೆದ ದಿನದಿಂದ ಈ ವರ್ಷವನ್ನು ಎಣಿಸುವರು. ಕಬಜಾ ಕೊಡಲು ಬಾರದ ಆಸ್ತಿಯಾದರೆ ಪತ್ರ ನೋಂದಣಿಯಾದ ದಿನದಿಂದ. ವಾಟ್ನಿಯಾಗದ ಪಾಲಿಗೆ ನೋಂದಣಿಯ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ದಾವೆ ಗೆದ್ದರೂ ತೀರ್ಪಿನಲ್ಲಿ ಹೇಳಿದ ದಿನದೊಳಗೆ ಹಣವನ್ನು ಕೋರ್ಟಿನಲ್ಲಿ ತುಂಬದಿದ್ದರೆ ದಾವೆಯು ಖರ್ಚಿನೊಡನೆ ವಜಾ ಆಗುವುದು. ಹಣದ ಅನುಕೂಲವಿಲ್ಲದವನು ಈ ದಾರಿಗೆ ಇಳಿಯಬಾರದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದು: ತಮ್ಮನು ಚಾವಡಿಗೆ ಹೋಗಿ ಖಾತೆ ಬದಲಾವಣೆಗೆ ತಕರಾರು ಕೊಟ್ಟು, ತನ್ನ ಕೆಲಸ ತೀರಿತೆಂದು ಸುಮ್ಮನಾಗುತ್ತಾನೆ. ಕಂದಾಯ ಅಧಿಕಾರಿಯು ನೋಡುವುದು ಪತ್ರವನ್ನು; ಮೊದಲು ಕೊಳ್ಳುವ ಹಕ್ಕನ್ನು ತೀರ್ಮಾನಿಸುವುದು ಅವನ ಕೆಲಸವಲ್ಲ. ಆ ತಕರಾರು ನಡೆಯುತ್ತಿರುವಾಗಲೇ ವರ್ಷ ತುಂಬಿಹೋಗುವುದು. ಇನ್ನೊಂದು ತಪ್ಪೆಂದರೆ, ದಾಕ್ಷಿಣ್ಯಕ್ಕೆ ಸಿಕ್ಕಿ ಖರೀದಿಪತ್ರಕ್ಕೆ ಒಪ್ಪಿಗೆಯ ಸಹಿ ಹಾಕುವುದು. ಹಾಗೆ ಒಪ್ಪಿದವನು ಮುಂದೆ ಹಕ್ಕನ್ನು ಕೇಳಿದರೆ ಅವನ ಸಹಿಯೇ ಅವನ ವಿರುದ್ಧ ಸಾಕ್ಷಿ.

ಈ ಹಕ್ಕಿನ ಎಲ್ಲೆಯನ್ನೂ ಅರಿಯಬೇಕು. ಗಡಿ ಗುರುತಿಸಿ ವಾಟ್ನಿಯಾಗಿ, ಅವರವರ ಹೊಲ ಅವರವರ ವಹಿವಾಟಿಗೆ ಬಂದ ಮೇಲೆ ಇದು ನಿಲ್ಲದು. ಮೃತ್ಯುಪತ್ರದಿಂದ ಬಂದ ಆಸ್ತಿಗೂ ಇದು ಸಲ್ಲದು.

ಹಾಗಾದರೆ ವಾಟ್ನಿಯಾದ ಅಣ್ಣತಮ್ಮಂದಿರಿಗೂ ನೆರೆಯವರಿಗೂ ದಾರಿಯೇ ಇಲ್ಲವೆ? ಇದೆ, ಅದು ಕರಾರಿನ ದಾರಿ. ವಾಟ್ನಿಪತ್ರದಲ್ಲಿಯೇ, "ನಮ್ಮಲ್ಲಿ ಯಾರು ಮಾರಿದರೂ ಮೊದಲು ಇನ್ನೊಬ್ಬನಿಗೆ ಬರವಣಿಗೆಯಿಂದ ತಿಳಿಸಿ, ಇಷ್ಟು ದಿನ ಕಾಯತಕ್ಕದ್ದು, ಬೆಲೆಯನ್ನು ಈ ರೀತಿಯಿಂದ ನಿಶ್ಚಯಿಸತಕ್ಕದ್ದು" ಎಂದು ಬರೆದು ನೋಂದಣಿ ಮಾಡಿಸಬಹುದು. ಇಂಥ ಕರಾರು ಕಾಯಿದೆಗೆ ಸಮ್ಮತವೆಂದು ಸರ್ವೋಚ್ಚ ನ್ಯಾಯಾಲಯವು ಅಣ್ಣತಮ್ಮಂದಿರ ವಾಟ್ನಿಯ ಪ್ರಕರಣವೊಂದರಲ್ಲಿಯೇ ಹೇಳಿದೆ. ಕರಾರಿನ ತಿಳಿವಳಿಕೆಯಿದ್ದು ಕೊಂಡ ಮೂರನೆಯವನನ್ನೂ ಅದು ಕಟ್ಟುತ್ತದೆ. ನೋಂದಣಿಯಾದ ಪತ್ರವಿದ್ದರೆ ತನಗೆ ತಿಳಿಯದೆಂದು ಅವನು ಹೇಳುವುದು ಕಠಿಣ. ಬಾಯಿಮಾತಿನ ವಚನಕ್ಕೆ ಈ ಬಲವಿಲ್ಲ.

ಕಾಯಿದೆಯಲ್ಲಿ ಒಂದು ಕೊರತೆಯುಂಟೆಂದು ನನ್ನ ಅಭಿಪ್ರಾಯ. ಹಕ್ಕನ್ನು ಕೊಟ್ಟ 22ನೆಯ ಕಲಮು, ಮಾರುವವನು ಉಳಿದವರಿಗೆ ಇಂಥ ರೀತಿಯಲ್ಲಿ ನೋಟೀಸು ಕೊಡಬೇಕೆಂದು ಎಲ್ಲಿಯೂ ವಿಧಿಸಿಲ್ಲ. ಜಂಟಿ ಖಾತೆಯ ಪಾಲನ್ನು ಬರೆದುಕೊಡುವವನು ಸಹವಾರಸುದಾರರಿಗೆ ನೋಟೀಸು ಮುಟ್ಟಿದ ಪುರಾವೆಯನ್ನು ಪತ್ರದ ಜೊತೆಗೆ ಒದಗಿಸಬೇಕೆಂಬ ನಿಯಮವಾದರೆ ಅರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಇದರಿಂದ ಮಾರುವವನಿಗೆ ನಷ್ಟವಿಲ್ಲ, ಅವನಿಗೆ ಯೋಗ್ಯ ಬೆಲೆ ಸಿಕ್ಕೇ ಸಿಗುತ್ತದೆ. ಕೊಳ್ಳುವವನಿಗೂ ವರ್ಷಗಟ್ಟಲೆ ದಾವೆಯ ಭಯ ತಪ್ಪುತ್ತದೆ. ಅಂಥ ನಿಯಮ ಬರುವವರೆಗೆ, ಹಿಸ್ಸೆ ಮಾರಾಟದ ಮಾತು ಊರ ಪ್ರಮುಖರ ಮುಂದೆ ಬಂದಾಗ ಅವರು ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, "ಮನೆಯವರಿಗೆ ಬರೆದು ತಿಳಿಸಿದ್ದೀಯಾ?" ಎಂದು ಕೇಳತಕ್ಕದ್ದು.