ಫೋನ್ ಇಟ್ಟರೆ ಸೆಷನ್ ಮುಗಿಯುವುದಿಲ್ಲ

ನಮ್ಮ ಕಾಮರ್ಸ್ ವಿಭಾಗದ ಹಲವರು ಕಾಲೇಜು ಬಿಟ್ಟ ಮೇಲೆ ಅಂಗಡಿಗಳಲ್ಲಿ ಟ್ಯಾಲಿ ಎಂಟ್ರಿ ಮಾಡುತ್ತಾರೆ. ಟ್ಯಾಲಿ ಕೈಕೊಟ್ಟರೆ ಸಪೋರ್ಟ್‌ನವರಿಗೆ ಫೋನ್ ಮಾಡುತ್ತೇವೆ. ಅವರು ಮೊದಲು ಕೇಳುವುದು ಎನಿಡೆಸ್ಕ್ ನಂಬರ್. ಸಂಪರ್ಕ ಕೊಡುವುದು ಎಲ್ಲರಿಗೂ ಗೊತ್ತು, ಕಡಿಯುವುದನ್ನು ಯಾರೂ ನೋಡುವುದಿಲ್ಲ. ಕಡಿಯುವ ಜವಾಬ್ದಾರಿ ಸಪೋರ್ಟ್‌ನವರದ್ದಲ್ಲ, ಅಂಗಡಿಯವರದ್ದು ಎಂಬುದು ನನ್ನ ಅಭಿಪ್ರಾಯ.

ಒಂದು ಬಟ್ಟೆ ಅಂಗಡಿ ಎಂದುಕೊಳ್ಳಿ. ನಾಳೆ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಲೆಕ್ಕ ತಾಳೆಯಾಗುತ್ತಿಲ್ಲ. ನಂಬರ್ ಹೇಳಿ Accept ಒತ್ತುತ್ತೀರಿ, ಸಪೋರ್ಟ್‌ನವರು ಸರಿಮಾಡುತ್ತಾರೆ, "ಆಯ್ತು ಸರ್" ಎಂದು ಫೋನ್ ಇಡುತ್ತಾರೆ. ಆದರೆ ಫೋನ್ ಕಾಲ್ ಬೇರೆ, ಎನಿಡೆಸ್ಕ್ ಸೆಷನ್ ಬೇರೆ. ಇಬ್ಬರಲ್ಲಿ ಒಬ್ಬರು Disconnect ಒತ್ತುವವರೆಗೆ ಅದು ನಡೆಯುತ್ತಲೇ ಇರಬಹುದು. ಆಗ ನೀವು ಬ್ಯಾಂಕಿನ ಪುಟ ತೆರೆದರೆ ಅದೂ ಆ ಕಡೆಯವರಿಗೆ ಕಾಣುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎನಿಡೆಸ್ಕ್ ನಂಬರ್ ಆ ಕಂಪ್ಯೂಟರ್‌ನ ವಿಳಾಸ ಇದ್ದಂತೆ, ಪ್ರತಿ ಸಲ ಬದಲಾಗುವುದಿಲ್ಲ. ನಿಜವಾದ ಬೀಗ ಎಂದರೆ ನಾವು ಒತ್ತುವ Accept. ಕೆಲವೊಮ್ಮೆ "ಮುಂದಿನ ಸಲ ಸುಲಭವಾಗಲಿ" ಎಂದು Unattended Access ಎಂಬಲ್ಲಿ ಒಂದು ಪಾಸ್‌ವರ್ಡ್ ಹಾಕಿಡುತ್ತಾರೆ. ಆಮೇಲೆ Accept ಬೇಕಾಗಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ, ಕಂಪ್ಯೂಟರ್ ಆನ್ ಇದ್ದರೆ ಒಳಗೆ ಬರಬಹುದು.

ಪ್ರತಿ ಸಲ Accept ಒತ್ತಲು ಪುರುಸೊತ್ತಿಲ್ಲ, ನಮ್ಮ ಸಪೋರ್ಟ್ ಹುಡುಗ ಒಳ್ಳೆಯವನು ಎಂದು ಅಂಗಡಿಯವರು ಹೇಳಬಹುದು. ಹುಡುಗ ಒಳ್ಳೆಯವನೇ ಇರಲಿ. ಆದರೆ ಆ ಪಾಸ್‌ವರ್ಡ್ ಅವರ ಆಫೀಸಿನ ಎಷ್ಟು ಜನರಿಗೆ ಗೊತ್ತು? ಅವನು ಕೆಲಸ ಬಿಟ್ಟರೂ ಪಾಸ್‌ವರ್ಡ್ ಅದೇ ಇರುತ್ತದೆ. ಗಲ್ಲಾದ ಕೀಲಿಯ ನಕಲು ಮಾಡಿ ಹೊರಗೆ ಕೊಟ್ಟಂತೆ ಇದು.

ಹಾಗಾಗಿ ಕರೆಗೆ ಮೊದಲು ಬ್ಯಾಂಕಿನ ಪುಟದಿಂದ ಲಾಗ್‌ಔಟ್ ಆಗಿ, ಡಿಜಿಟಲ್ ಸಹಿಯ ಟೋಕನ್ ತೆಗೆದಿಡಿ. ಕೆಲಸ ನಡೆಯುವಾಗ ಪರದೆಯ ಮುಂದಿನಿಂದ ಏಳಬೇಡಿ. ಮುಗಿದ ಕೂಡಲೇ ನೀವೇ Disconnect ಒತ್ತಿ. ಆಮೇಲೆ Settings ತೆರೆದು Unattended Access ಆನ್ ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ಆದರೆ ಸೆಷನ್ ನಡೆದಾಗ ನಕಲಾದ ಫೈಲ್ ಇದರಿಂದ ವಾಪಸ್ ಬರುವುದಿಲ್ಲ. ಅನುಮಾನ ಬಂದರೆ ಪರದೆಯಲ್ಲಿ ಕಂಡಿರಬಹುದಾದ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.

ಇದೆಲ್ಲ ನಾವೇ ಫೋನ್ ಮಾಡಿದ ಸಪೋರ್ಟ್‌ನ ಮಾತು. ತಾವಾಗಿ ಫೋನ್ ಮಾಡಿ ಎನಿಡೆಸ್ಕ್ ಹಾಕಿಸಿ, ನಂಬರ್ ಪಡೆದು ಹಣ ದೋಚುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿದೆ. ಅಂಥವರಿಗೆ Disconnect ಒತ್ತುವ ಪ್ರಶ್ನೆಯೇ ಬರಬಾರದು. ನಂಬರ್ ಹೇಳದೆ ಫೋನ್ ಇಟ್ಟುಬಿಡಿ.